ಜೈಲಿನಾಗಿರೋ ಮಗನ ಗುಳಿಗಿ ಸಲುವಾಗಿ ತಾಯಿ ಅರ್ಜಿ ಬರಿಯೋದು ಹೆಂಗ

ಆಳಂದ ಕಡಿಂದ ಒಬ್ಬ ತಾಯಿ ನನ್ನ ಹತ್ರ ಬಂದಾಗ ಕೈಯಾಗ ಮೊದಲೇ ಬರಿಸಿದ್ದ ಒಂದು ಅರ್ಜಿ ಇತ್ತು. ಕೋರ್ಟ್ ಮುಂದ ಅರ್ಜಿ ಬರ್ಕೊಡೋದೇ ನನ್ನ ಕೆಲಸ, ಇಂಥವು ಭಾಳ ನೋಡೀನಿ. ಒಂದೂವರೆ ಪಾನು ತುಂಬ ಮಗ ಅಮಾಯಕ, ಕೇಸ್ ಸುಳ್ಳು, ಮನ್ಯಾಗ ದುಡಿಯೋರು ಯಾರೂ ಇಲ್ಲ ಅಂತ ಬರ್ದು ಕಡೀಗೆ ಒಂದೇ ಸಾಲು, "ಅವನ ಆರೋಗ್ಯ ಸರಿ ಇಲ್ಲ, ಚಿಕಿತ್ಸೆ ಕೊಡಿಸಿರಿ". ಕೇಸ್ ಸುಳ್ಳೋ ಖರೇನೋ ಅದು ಜಡ್ಜ್ ನೋಡೋದು, ಜೈಲ್ ಸಾಹೇಬ್ರ ಕೈಯಾಗ ಇರೋದು ಡಾಕ್ಟ್ರಿಗೆ ತೋರ್ಸೋದು, ಔಷಧ ಕೊಡ್ಸೋದು, ದವಾಖಾನಿಗೆ ಕಳ್ಸೋದು ಇಷ್ಟೇ. ಅದಕ್ಕ ಅರ್ಜಿದಾಗೂ ಇಷ್ಟೇ ಇರ್ಬೇಕು.

ಮೊದಲು ಕಾಗದ ಕೂಡಿಸ್ರಿ. ಮಗನ ಬಂದಿ ನಂಬರ್ ಬೇಕು, ಮುಲಾಖತ್ ಚೀಟಿ ಮ್ಯಾಲ ಇದ್ರ ನೋಡ್ರಿ, ಇಲ್ಲಂದ್ರ ಗೇಟಿನಾಗ ಕೇಳ್ರಿ, ಯಾಕಂದ್ರ ಒಂದೇ ಹೆಸರಿನವ್ರು ಒಳಗ ನಾಲ್ಕು ಮಂದಿ ಇರ್ತಾರ. ಹಳೇ ಡಾಕ್ಟ್ರ ಚೀಟಿ ಝೆರಾಕ್ಸ್ ಬೇಕು, ಒರಿಜಿನಲ್ ಕೊಟ್ಟು ಬರಬ್ಯಾಡ್ರಿ. ಈ ತಾಯಿ ಮಗನಿಗೆ ನಾಲ್ಕು ವರ್ಷದಿಂದ ಫಿಟ್ಸ್ ಅದ, ಸೋಡಿಯಂ ವಾಲ್ಪ್ರೋಯೇಟ್ 500 ಎಂಜಿ ಮುಂಜಾನಿ ಒಂದು ರಾತ್ರಿ ಒಂದು. ಒಳಗ ರಾತ್ರಿದು ಅಷ್ಟೇ ಸಿಗ್ತಿತ್ತಂತ. ಫಿಟ್ಸ್ ಗುಳಿಗಿ ಒಂದು ಹೊತ್ತು ತಪ್ಪಿದ್ರೂ ಮತ್ತ ಫಿಟ್ಸ್ ಬರಬಹುದು, ಒಮ್ಮಿಗೇ ನಿಂತ್ರ ಇನ್ನೂ ಡೇಂಜರ್, ಇದನ್ನ ಅರ್ಜಿದಾಗ ಬಿಡಿಸಿ ಬರೀಬೇಕು. ಇಲ್ಲಂದ್ರ ಓದೋರಿಗೆ ಇದು ತಲಿನೋವಿನ ಗುಳಿಗಿ ಇದ್ದಂಗ ಕಾಣ್ತದ.

ಇನ್ನ ಬರಿಯೋ ಹೊತ್ತಿಗೆ, ತಾಯಿ ಕಣ್ಣಾರೆ ಕಂಡಿದ್ದು ಬ್ಯಾರೆ, ಮಗ ಹೇಳಿದ್ದು ಬ್ಯಾರೆ ಇಡ್ರಿ. ಎರಡೂ ಕಲಸಿದ್ರ "ನೀವು ಒಳಗ ಬಂದು ನೋಡಿದ್ರೇನು" ಅಂತ ಒಂದೇ ಮಾತಿನಾಗ ಮುಗಸ್ತಾರ. ನಾವು ಬರ್ದಿದ್ದು ಹಿಂಗ:

"ಮಾನ್ಯರೇ, ನನ್ನ ಮಗ ತಮ್ಮ ಕಾರಾಗೃಹದಲ್ಲಿ ವಿಚಾರಣಾಧೀನ ಬಂದಿಯಾಗಿದ್ದಾನೆ. ಅವನಿಗೆ ನಾಲ್ಕು ವರ್ಷದಿಂದ ಮೂರ್ಛೆ ರೋಗವಿದೆ. ವೈದ್ಯರ ಚೀಟಿ ಲಗತ್ತಿಸಿದ್ದೇನೆ. ಹನ್ನೆರಡು ದಿನದಿಂದ ಬೆಳಗಿನ ಮಾತ್ರೆ ಸಿಗುತ್ತಿಲ್ಲ, ಎರಡು ಸಲ ಮೂರ್ಛೆ ಬಂದಿದೆ ಎಂದು ಅವನು ಮುಲಾಖತ್‌ನಲ್ಲಿ ಹೇಳಿದ. ಅವನ ಹಣೆಯ ಮೇಲೆ ಗಾಯ ಇರುವುದನ್ನು ನಾನೇ ನೋಡಿದೆ. ಇಂದೇ ವೈದ್ಯಾಧಿಕಾರಿಗೆ ತೋರಿಸಿ ಎರಡೂ ಹೊತ್ತಿನ ಮಾತ್ರೆ ಕೊಡಿಸಬೇಕು. ತಜ್ಞರಿಗೆ ತೋರಿಸುವುದು ಅಗತ್ಯವೆಂದು ಅವರು ಹೇಳಿದರೆ ಸರ್ಕಾರಿ ಆಸ್ಪತ್ರೆಗೆ ಕಳಿಸಬೇಕು. ಪೊಲೀಸ್ ಬೆಂಗಾವಲು ಸಿಗದಿದ್ದರೆ ಅದನ್ನು ನನಗೆ ಲಿಖಿತವಾಗಿ ತಿಳಿಸಬೇಕು."

ಆ ಕಡೀ ಸಾಲು ನಾನು ಬೇಕಂತಲೇ ಹಾಕಿದ್ದು. ಡಾಕ್ಟ್ರು ಬರ್ಕೊಟ್ರೂ ಎಸ್ಕಾರ್ಟ್ ಪೊಲೀಸ್ರು ಇಲ್ಲ ಅಂತ ದವಾಖಾನಿ ತಾರೀಖು ಮುಂದಕ್ಕ ಹೋಗ್ತಾನೇ ಇರ್ತದ, ಬಾಯಿಮಾತಿನಾಗ ಹೇಳಿದ್ರ ಅದಕ್ಕ ಲೆಕ್ಕ ಇಲ್ಲ. ಸ್ಕ್ಯಾನ್ ಮಾಡಿಸ್ರಿ, ಇಂಥಾ ಪ್ರೈವೇಟ್ ದವಾಖಾನಿಗೇ ಒಯ್ರಿ ಅಂತ ಮಾತ್ರ ಬರೀಬ್ಯಾಡ್ರಿ, ಏನು ಬೇಕು ಅಂತ ಡಾಕ್ಟ್ರೇ ಹೇಳ್ಲಿ.

ಕೆಳಗ ಇನ್ನೊಂದು ಸಾಲು ಸೇರಿಸಿದ್ವಿ: ಫಿಟ್ಸ್ ಬಂದಾಗ ಬಾಜು ಇದ್ದ ಬಂದಿಗಳು ಅವನನ್ನ ಒಂದು ಮಗ್ಗಲಕ್ಕ ಮಲಗಿಸ್ಬೇಕು, ಬಾಯಾಗ ಏನೂ ತುರುಕಬಾರ್ದು, ಐದು ನಿಮಿಷ ಆದ್ರೂ ನಿಲ್ಲಲಿಲ್ಲಂದ್ರ ಸೀದಾ ದವಾಖಾನಿಗೆ ಒಯ್ಬೇಕು. ನಮ್ಮ ಕಡಿ ಇನ್ನೂ ಕೈಯಾಗ ಕೀಲಿಕೈ ಕೊಡೋದು, ಚಪ್ಪಲಿ ಮೂಸ್ಸೋದೇ ನಡದದ, ಬ್ಯಾರಕ್ಕಿನಾಗೂ ಅದೇ ಮಂದಿ ಅಲ್ಲ.

ಆ ತಾಯಿಗೆ ಸೈನ್ ಬರಲ್ಲ, ಎಡಗೈ ಹೆಬ್ಬೆಟ್ಟು ಹಾಕಿಸಿ, ಪೂರಾ ಓದಿ ಹೇಳೀನಿ ಅಂತ ಬಾಜೂಕ ನಾನು ಸೈನ್ ಮಾಡಿದೆ. ಮ್ಯಾಲ ವಿಳಾಸ ಬರಿವಾಗ ಕಲಬುರಗಿ ಕೇಂದ್ರ ಕಾರಾಗೃಹ ಆದ್ರ "ಮುಖ್ಯ ಅಧೀಕ್ಷಕರು" ಅಂತ ಹಾಕ್ರಿ. ಎರಡು ಕಾಪಿ ಒಯ್ರಿ, ಒಂದು ಕೊಟ್ಟು ಇನ್ನೊಂದರ ಮ್ಯಾಲ ಸೀಲು, ತಾರೀಖು, ಇನ್ವರ್ಡ್ ನಂಬರ್ ಹಾಕಿಸ್ಕೊಳ್ರಿ. ತಗೊಳ್ಳಲ್ಲ ಅಂದ್ರ ಜಗಳ ಮಾಡಬ್ಯಾಡ್ರಿ, ಅವತ್ತೇ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಕೊಳ್ರಿ.

ಆ ಸೀಲಿನ ಕಾಪಿ ಮುಂದ ಕೋರ್ಟಿನಾಗ ಕೆಲ್ಸಕ್ಕ ಬರ್ತದ. ಎರಡು ಮೂರು ದಿನದಾಗ ಏನೂ ಆಗಲಿಲ್ಲಂದ್ರ, ಇಲ್ಲಾ ನಡುವ ಮತ್ತ ಫಿಟ್ಸ್ ಬಂತಂದ್ರ ಕಾಯದೇ, ಕೇಸ್ ನಡದಿರೋ ಕೋರ್ಟಿನಾಗೇ ವಕೀಲರ ಕಡಿಂದ ಅರ್ಜಿ ಹಾಕಿಸ್ರಿ, ಚಿಕಿತ್ಸೆ ಕೊಡಿಸಿ ರಿಪೋರ್ಟ್ ಕಳ್ಸ್ರಿ ಅಂತ ಜಡ್ಜ್ ಜೈಲಿಗೆ ಹೇಳ್ಬಹುದು. ವಕೀಲರಿಗೆ ರೊಕ್ಕ ಇಲ್ಲಂದ್ರ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕ ಹೋಗ್ರಿ, ಇಲ್ಲಾ 15100ಕ್ಕ ಫೋನ್ ಮಾಡ್ರಿ. ಒಳಗ ಇರೋರಿಗೆ ಆದಾಯ ನೋಡದೇ ಪುಕ್ಕಟ ವಕೀಲರು ಸಿಗ್ತಾರ, 1987ರ ಕಾಯ್ದೆದಾಗ ಹಂಗೇ ಅದ.

ಹೋದ ಮುಲಾಖತ್‌ನಾಗ ಮಗ ಮುಂಜಾನಿ ಗುಳಿಗಿನೂ ಕೊಡ್ಲಿಕತ್ಯಾರ ಅಂದನಂತ. ದವಾಖಾನಿ ತಾರೀಖು ಇನ್ನೂ ಆಗಿಲ್ಲ, ಅದಕ್ಕ ಇನ್ನೊಂದು ಅರ್ಜಿ ಬರೀಲಿಕತ್ತೀನಿ, ಹಳೇ ಇನ್ವರ್ಡ್ ನಂಬರ್ ಹಾಕಿ ಮೂರೇ ಸಾಲು.