ವೈವಾ ಆದಮ್ಯಾಲಿನ ಕರೆಕ್ಷನ್‌ಗೆ ನಾ ಬರದ ಉತ್ತರ, ಮತ್ತ ಒಂದು ಟಿ-ಟೆಸ್ಟ್ ಮಾಡಿದ ಗದ್ದಲ

ನನ್ನ ಪಿಎಚ್‌ಡಿ ಹುನಗುಂದ, ಇಳಕಲ್ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್ ಮ್ಯಾಲ. ವೈವಾ ಮುಗದು ಸಿಹಿ ಹಂಚಿ ಬಾಗಲಕೋಟಿ ಬಸ್ ಹತ್ತಿದಾಗ ಎಲ್ಲಾ ಆತು ಅಂತ ತಿಳ್ಕೊಂಡಿದ್ದೆ, ಆದ್ರ ಕೈಯಾಗ ಎಕ್ಸಾಮಿನರ್ ಕೊಟ್ಟ ಎರಡು ಪುಟದ ಕರೆಕ್ಷನ್ ಹಾಳಿ ಇತ್ತು. ಅದಕ್ಕ ಉತ್ತರ ಬರದು, ಏನೇನು ಬದಲಿ ಮಾಡೇನಿ ಅಂತ ಒಂದೊಂದಾಗಿ ತೋರಿಸಿ, ಅವರು ಒಪ್ಪಿದ ಮ್ಯಾಲ ಥೀಸಿಸ್ ಫೈನಲ್.

ಮೊದಲನೇ ಸಲ ನಾ ಒಂದ ರಾತ್ರಿಯೊಳಗ ಉತ್ತರ ಬರದು ಮುಗಿಸಿದ್ದೆ. ಎಡಕ್ಕ ಅವರ ಮಾತು, ಬಲಕ್ಕ ನಂದು, ಹನ್ನೊಂದು ಸಾಲಿನಾಗ ಒಂಬತ್ತು ಕಡೆ "ಸೂಚನೆಯಂತೆ ಸರಿಪಡಿಸಲಾಗಿದೆ" ಅಷ್ಟ. ಗೈಡ್ ಸರ್ ನೋಡಿ "ಏನಪಾ, ಎಲ್ಲಿ ಸರಿಪಡಿಸಿದಿ, ಏನಂತ ಸರಿಪಡಿಸಿದಿ, ಅವರು ಇನ್ನೂರು ಪುಟ ಹುಡುಕ್ಕೋತ ಕುಂದರಬೇಕೇನು" ಅಂದ್ರು. ಹಾಳಿ ವಾಪಸ್ ನನ್ನ ಕೈಗೆ ಬಂತು.

ಎರಡನೇ ಸಲ ಕುಂತಾಗ ಮೊದಲು ಮಾಡಿದ್ದು ಅವರ ಕಮೆಂಟ್ ಒಡಿಯೋದು. ಒಂದ ಪ್ಯಾರಾದಾಗ ಮೂರು ಕೆಲಸ ಹೇಳಿರ್ತಾರ, ನಾವು ಒಂದ ಮಾಡಿ ಮುಂದ ಹೋಗಿಬಿಡ್ತೀವಿ. ಉದಾಹರಣೆಗೆ ಅವರು ಬರದಿದ್ದು, ಹಂಗಾಮಿನ ಹೋಲಿಕೆಗೆ ಬಳಸಿದ ಟೆಸ್ಟ್ ಸರಿಯಿಲ್ಲ, ಸ್ಯಾಂಪಲ್ ಸಂಖ್ಯಾ ಟೇಬಲ್‌ನಾಗ ಒಂದು ಪಠ್ಯದಾಗ ಒಂದು ಐತಿ, ಮತ್ತ ತೀರ್ಮಾನ ಇದಕ್ಕ ತಕ್ಕಂಗ ನೋಡ್ಕೋರಿ ಅಂತ. ನಂಬರ್ ಒಂದ ಆದ್ರೂ ಇದು ಮೂರು ಮಾತು, ಹಿಂಗಾಗಿ 4ಅ, 4ಆ, 4ಇ ಅಂತ ಬ್ಯಾರೆ ಬ್ಯಾರೆ ಸಾಲು ಮಾಡಿದೆ. ಹನ್ನೊಂದು ಇದ್ದದ್ದು ಹದಿನೆಂಟಾತು. ವೈವಾದಾಗ ಬಾಯಿಂದ ಕೇಳಿದ್ದ ಎರಡು ಮಾತು ಹಾಳಿಮ್ಯಾಲ ಇರಲಿಲ್ಲ, ಪುಣ್ಯಾಕ ನಮ್ಮ ಲ್ಯಾಬ್‌ನ ಜೂನಿಯರ್ ಹುಡುಗಿ ಹಿಂದ ಕುಂತು ನೋಟ್ ಮಾಡಿದ್ಲು, ಆ ಎರಡೂ ಸೇರಿಸಿ ಇಪ್ಪತ್ತು.

ಎಲ್ಲಕ್ಕಿಂತ ಹೆಚ್ಚು ದಿನ ತಿಂದಿದ್ದು ಈ ನಾಕನೇದ. ನಾ ಮಳಿಗಾಲಕ್ಕ ಮುಂಚೆ 38 ಬೋರಿನ ನೀರು ತಗೊಂಡಿದ್ದೆ, ಮಳಿಗಾಲ ಆದಮ್ಯಾಲ ಅವ ಬೋರಿಗೆ ಮತ್ತ ಹೋದೆ, ಆದ್ರ ಎರಡು ಕಡೆ ಮೋಟರ್ ಸುಟ್ಟಿದ್ದಕ್ಕ 36 ಅಷ್ಟ ಸಿಕ್ಕವು. ಫ್ಲೋರೈಡ್ ಸರಾಸರಿ ಮುಂಚೆ ಲೀಟರ್‌ಗೆ 1.61 ಮಿಲಿಗ್ರಾಂ, ಆಮ್ಯಾಲ 1.41. ಇವೆರಡನ್ನ ನಾ ಇಂಡಿಪೆಂಡೆಂಟ್ ಟಿ-ಟೆಸ್ಟ್ ಹಾಕಿ ನೋಡಿದ್ದೆ, ಪಿ ಬೆಲೆ 0.22 ಬಂತು, "ಹಂಗಾಮಿನಿಂದ ಫ್ಲೋರೈಡ್‌ನಾಗ ಗಣನೀಯ ವ್ಯತ್ಯಾಸ ಇಲ್ಲ" ಅಂತ ಬರದು ಅದರ ಮ್ಯಾಲ ಎರಡು ಪುಟ ಚರ್ಚಾನೂ ಮಾಡಿದ್ದೆ.

ತಪ್ಪು ಏನಂದ್ರ, ಆ ಟೆಸ್ಟ್ ಎರಡೂ ಗುಂಪು ಬ್ಯಾರೆ ಬ್ಯಾರೆ ಬೋರು ಅಂತ ತಿಳ್ಕೊಂತೈತಿ. ನಂದು ಹಂಗಲ್ಲ, ಅದ ಬೋರು ಎರಡು ಸಲ. ಒಂದು ಬೋರಿನಾಗ 0.5 ಇರ್ತೈತಿ, ಮಗ್ಗಲ ಹೊಲದ್ದು 3 ಇರ್ತೈತಿ, ಬೋರಿನಿಂದ ಬೋರಿಗೆ ಇರೋ ಈ ದೊಡ್ಡ ಏರುಪೇರಿನಾಗ ಮಳಿ ಮಾಡಿದ ಸಣ್ಣ ಇಳಿಕೆ ಮುಚ್ಚಿ ಹೋಗಿಬಿಡ್ತೈತಿ. ಪೇರ್ಡ್ ಟೆಸ್ಟ್ ಒಂದೊಂದು ಬೋರನ್ನ ತನ್ನ ಜೋಡಿನ ಹೋಲಿಸ್ತೈತಿ, ಅದಕ್ಕ ಬೇಕಾಗೋದು ವ್ಯತ್ಯಾಸಗಳ ಪಟ್ಟಿ ಅಷ್ಟ. ಆರ್ ಸಾಫ್ಟ್‌ವೇರ್‌ನಾಗ ಎರಡ ಸಾಲು:

```
cor(pre, post)
t.test(pre, post, paired = TRUE)
```

ಮೊದಲನೇ ಸಾಲು ಯಾಕ ಹಾಕೇನಿ ಅಂದ್ರ, ಇಲ್ಲಿ ನಾ ಮತ್ತೊಮ್ಮೆ ಬಿದ್ದೆ. ಮಳಿಗಾಲದ ಮುಂಚಿನ ಶೀಟ್ ಬೋರ್ ನಂಬರ್ ಪ್ರಕಾರ ಇತ್ತು, ಆಮ್ಯಾಲಿಂದು ಊರ ಹೆಸರಿನ ಪ್ರಕಾರ ಸಾರ್ಟ್ ಆಗಿತ್ತು, ಎರಡೂ ಕಡೆ 36 ಇದ್ವಲ್ಲ, ಆರ್ ಏನೂ ತಕರಾರು ಮಾಡ್ಲಿಲ್ಲ, ಯಾವುದೋ ಬೋರಿಗೆ ಯಾವುದೋ ಬೋರನ್ನ ಜೋಡಿ ಹಚ್ಚಿ ಉತ್ತರ ಕೊಟ್ತು. ಪಿ ಬೆಲೆ ಹೆಚ್ಚು ಕಡಿಮಿ ಹಳೇದ ಬಂದಾಗ ಅನುಮಾನ ಆತು. ಅದ ಬೋರನ್ನ ಎರಡು ಸಲ ಅಳದ್ರ ಒಂದಕ್ಕೊಂದು ಜೋರ ಹೊಂದಬೇಕು, ಆದ್ರ ಕೋರಿಲೇಶನ್ ನೋಡಿದ್ರ 0.1. ಬೋರ್ ಐಡಿ ಹಿಡದು ಜೋಡಿಸಿದ ಮ್ಯಾಲ 0.82 ಆತು. ಆಗ ವ್ಯತ್ಯಾಸದ ಸರಾಸರಿ 0.21, ವ್ಯತ್ಯಾಸಗಳ ಸ್ಟ್ಯಾಂಡರ್ಡ್ ಡೀವಿಯೇಶನ್ 0.42. ಅದನ್ನ 36ರ ವರ್ಗಮೂಲ 6ರಿಂದ ಭಾಗಿಸಿದ್ರ 0.07, 0.21ನ್ನ 0.07ರಿಂದ ಭಾಗಿಸಿದ್ರ ಟಿ 3, ಪಿ 0.005. ಅಂದ್ರ ವ್ಯತ್ಯಾಸ ಐತಿ! ನನ್ನ ತೀರ್ಮಾನ ಪೂರ್ತಿ ಉಲ್ಟಾ.

ಖರೇ ಹೇಳ್ತೀನಿ, ಎದಿ ಧಸಕ್ ಅಂತು. ಎಕ್ಸಾಮಿನರ್ ಟೆಸ್ಟ್ ಬದಲಿಸ್ರಿ ಅಂದಿದ್ರು, ಇಲ್ಲಿ ಐದನೇ ಅಧ್ಯಾಯದ ಅರ್ಧ ಹೊಂಟಿತ್ತು. ಉತ್ತರದಾಗ ನಾ ಮುಚ್ಚಿಡಲಿಲ್ಲ, ಹಿಂಗ ಬರದೆ: "ಪರೀಕ್ಷಕರ ಮಾತು ಸರಿ. ಹಿಂದಿನ ಪರೀಕ್ಷೆ ಜೋಡಿ ಮಾಪನಕ್ಕೆ ತಕ್ಕದ್ದಾಗಿರಲಿಲ್ಲ. ಎರಡೂ ಹಂಗಾಮಿನಲ್ಲಿ ಸಿಕ್ಕ 36 ಬೋರುಗಳ ಮೇಲೆ ಪೇರ್ಡ್ ಟಿ-ಟೆಸ್ಟ್ ಮಾಡಲಾಗಿದೆ, ಸಿಗದ 2 ಬೋರುಗಳನ್ನು ಈ ಹೋಲಿಕೆಯಿಂದ ಮಾತ್ರ ಬಿಡಲಾಗಿದೆ. ಫಲಿತಾಂಶ ಬದಲಾಗಿದೆ, ಆದ್ದರಿಂದ ಈ ಕೆಳಗಿನ ಜಾಗಗಳನ್ನೂ ತಿದ್ದಲಾಗಿದೆ." ಅದರ ಕೆಳಗ ಜಾಗದ ಪಟ್ಟಿ: ವಿಧಾನದ ಅಧ್ಯಾಯ, ಟೇಬಲ್, ಚರ್ಚಾ, ತೀರ್ಮಾನ, ಅಬ್‌ಸ್ಟ್ರ್ಯಾಕ್ಟ್. ಹಳೇ ವಾಕ್ಯ, ಹೊಸ ವಾಕ್ಯ ಎರಡೂ ಉತ್ತರದಾಗ ಹಾಕಿದೆ. 0.21 ಇಳಿಕಿ ಅಂದ್ರ ಕುಡಿಯೋರಿಗೆ ದೊಡ್ಡ ವ್ಯತ್ಯಾಸ ಏನಲ್ಲ, ಲೀಟರ್‌ಗೆ 2 ಮಿಲಿಗ್ರಾಂ ಇದ್ದ ಬೋರು ಮಳಿ ಆದಮ್ಯಾಲೂ ಕುಡಿಯಾಕ ಸರಿ ಆಗಂಗಿಲ್ಲ, ಆ ಮಾತನ್ನೂ ಚರ್ಚಾದಾಗ ಸೇರಿಸಿದೆ. ಇಲ್ಲಾಂದ್ರ ಪಿ ಬೆಲೆ ನೋಡಿ ಹಿಗ್ಗಿ ಮತ್ತೊಂದು ತಪ್ಪು ಬರದಂಗ ಆಗ್ತಿತ್ತು.

ಏಳನೇ ಕಮೆಂಟ್ ಚಾರ್ಜ್ ಬ್ಯಾಲೆನ್ಸ್‌ದು. ನೀರಿನಾಗ ಧನ ಅಯಾನು, ಋಣ ಅಯಾನು ಎರಡರ ಚಾರ್ಜ್ ಸಮ ಇರಬೇಕು, ಅಳತಿಯೊಳಗ ಶೇಕಡಾ 5ರ ಒಳಗ ಹೆಚ್ಚು ಕಡಿಮಿ ಆದ್ರ ಸಾಮಾನ್ಯವಾಗಿ ನಡೀತೈತಿ. ನನ್ನ ಟೇಬಲ್‌ನಾಗ ಐದು ಸ್ಯಾಂಪಲ್ 5 ದಾಟಿದ್ವು, "ಇವನ್ನ ಯಾಕ ಇಟ್ಕೊಂಡೀರಿ" ಅಂತ ಕೇಳಿದ್ರು. ನಾ ಮೊದಲು ಲ್ಯಾಬ್ ಎರರ್ ಅಂತ ಬರಿಯೋನಿದ್ದೆ. ಗೈಡ್ ಸರ್ "ಒಂದು ಸ್ಯಾಂಪಲ್ ಕೈಲೆ ಲೆಕ್ಕ ಹಾಕಿ ತಗೊಂಬಾ" ಅಂದ್ರು, ಹಾಕಿದೆ. ಕ್ಯಾಲ್ಸಿಯಂ 1.6, ಮ್ಯಾಗ್ನೀಸಿಯಂ 2.0, ಸೋಡಿಯಂ 5.5, ಪೊಟ್ಯಾಸಿಯಂ 0.1, ಎಲ್ಲಾ ಲೀಟರ್‌ಗೆ ಮಿಲಿಇಕ್ವಿವಲೆಂಟ್, ಕೂಡಿದ್ರ 9.2. ಈ ಕಡೆ ಬೈಕಾರ್ಬೊನೇಟ್ 5, ಕ್ಲೋರೈಡ್ 2, ಸಲ್ಫೇಟ್ 1, ಕೂಡಿ 8. ವ್ಯತ್ಯಾಸ 1.2ನ್ನ ಒಟ್ಟು 17.2ರಿಂದ ಭಾಗಿಸಿದ್ರ ಸುಮಾರು ಶೇಕಡಾ 7. ಟೇಬಲ್‌ನಾಗೂ ಅದ ಇತ್ತು. ಆದ್ರ ಆ ಬೋರಿನ ನೈಟ್ರೇಟ್ 62 ಮಿಲಿಗ್ರಾಂ, ಅಂದ್ರ 1 ಮಿಲಿಇಕ್ವಿವಲೆಂಟ್, ಅದು ಎಲ್ಲಿ ಹೋತು? ಎಕ್ಸೆಲ್ ಫಾರ್ಮುಲಾದಾಗ ನೈಟ್ರೇಟ್, ಫ್ಲೋರೈಡ್ ಕಾಲಮ್ ಕೂಡಿಸೇ ಇರಲಿಲ್ಲ. ಸೇರಿಸಿದ್ರ ಋಣದ ಕಡೆ 9.1, ತಪ್ಪು ಶೇಕಡಾ 0.5. ಊರ ನಡುವಿನ ಬೋರು, ಸುತ್ತ ತಿಪ್ಪಿ, ನೈಟ್ರೇಟ್ ಹೆಚ್ಚಿದ್ದಲ್ಲೆ ಇದು ಎದ್ದು ಕಾಣ್ತಿತ್ತು, ಹೊಲದ ಬೋರಿನಾಗ ನೈಟ್ರೇಟ್ ಕಡಿಮಿ ಇದ್ದಲ್ಲೆ ಗೊತ್ತಾಗ್ತಿರಲಿಲ್ಲ.

ಐದರಾಗ ನಾಕು ಸರಿ ಆದ್ವು. ಒಂದು ಮಾತ್ರ ಶೇಕಡಾ 8ರಾಗ ಕುಂತು ಅಲ್ಲಾಡಲಿಲ್ಲ. ಫೀಲ್ಡ್ ಬುಕ್ ತಗದು ನೋಡಿದ್ರ ಆ ದಿನ ಬೈಕ್ ಪಂಚರ್ ಆಗಿ ಬೈಕಾರ್ಬೊನೇಟ್ ಟೈಟ್ರೇಶನ್ ಎರಡು ದಿನ ತಡ ಆಗಿತ್ತು, ಅದು ಆದಷ್ಟು ಲಗೂನ ಮಾಡಬೇಕಾದ ಟೆಸ್ಟ್. ಅದರಿಂದನ ತಪ್ಪಾತು ಅಂತ ಸಾಬೀತು ಮಾಡಾಕ ನನ್ನ ಹತ್ರ ಏನೂ ಇರಲಿಲ್ಲ, ಹಿಂಗಾಗಿ ಬುಕ್ಕಿನಾಗ ಇದ್ದದ್ದಷ್ಟ ಬರದು ಆ ಸ್ಯಾಂಪಲನ್ನ ನೀರಿನ ಅಯಾನುಗಳ ಪಾಲು ತೋರಿಸೋ ಪೈಪರ್ ಡಯಾಗ್ರಾಮ್‌ನಿಂದ ತಗದೆ. ಫ್ಲೋರೈಡ್ ಟೇಬಲ್‌ನಾಗ ಮಾತ್ರ ಇಟ್ಕೊಂಡೆ, ಯಾಕಂದ್ರ ಫ್ಲೋರೈಡ್ ಬ್ಯಾರೆ ಎಲೆಕ್ಟ್ರೋಡ್‌ನಾಗ ಅಳದದ್ದು. ಇಲ್ಲೊಂದು ಸೂಕ್ಷ್ಮ ಐತಿ. ಫ್ಲೋರೈಡ್ ಪಾಲು ಒಟ್ಟು ಚಾರ್ಜ್‌ನಾಗ 0.1 ಮಿಲಿಇಕ್ವಿವಲೆಂಟ್ ಅಷ್ಟ, ಬ್ಯಾಲೆನ್ಸ್ ಸರಿ ಬಂತು ಅಂದ್ರ ಫ್ಲೋರೈಡ್ ಸರಿ ಅಂತ ಅರ್ಥ ಅಲ್ಲ, ಕೆಟ್ಟಿತು ಅಂದ್ರ ಫ್ಲೋರೈಡ್ ಕೆಟ್ಟಿತು ಅಂತಾನೂ ಅಲ್ಲ. ಫ್ಲೋರೈಡ್ ಬಗ್ಗೆ ನಂಬಿಕಿ ಬರಾಕ ಸ್ಟ್ಯಾಂಡರ್ಡ್ ದ್ರಾವಣದ ರೀಡಿಂಗ್ ಬ್ಯಾರೆ ಕೊಡಬೇಕು, ಅದನ್ನ ಅಪೆಂಡಿಕ್ಸ್‌ನಾಗ ಹಾಕಿದೆ.

ಮಿತಿಯ ಕಮೆಂಟ್ ಸಣ್ಣದು. ನಾ 1.5ರ ಒಳಗ ಇದ್ದದ್ದನ್ನೆಲ್ಲಾ "ಸುರಕ್ಷಿತ" ಅಂದಿದ್ದೆ. ಕುಡಿಯೋ ನೀರಿನ ಭಾರತೀಯ ಮಾನಕ IS 10500:2012ರಾಗ ಫ್ಲೋರೈಡ್‌ಗೆ ಒಪ್ಪಬಹುದಾದ ಮಿತಿ 1.0, ಬ್ಯಾರೆ ನೀರು ಇಲ್ಲದ ಕಡೆ ಅಷ್ಟ 1.5 ವರೆಗೂ ಅವಕಾಶ. ಹಿಂಗಾಗಿ 20 ಬೋರಿನ ಒಂದ ಗುಂಪು ಒಡದು 9 ಮತ್ತ 11 ಆತು, ಮ್ಯಾಪಿನ ಬಣ್ಣ ಎರಡಿದ್ದದ್ದು ಮೂರಾತು.

ಒಂದು ಕಮೆಂಟ್ ನಾ ಒಪ್ಪಲಿಲ್ಲ, ಅಂದ್ರ ಮಾಡಾಕ ಆಗಲಿಲ್ಲ. ಇಳಕಲ್ ಗ್ರಾನೈಟ್ ಫ್ಲೋರೈಡ್‌ನ ಮೂಲ ಅಂತ ನಾ ಬರದಿದ್ದೆ, ಅವರು ಕಲ್ಲಿನ ಸ್ಯಾಂಪಲ್ ಅನಾಲಿಸಿಸ್ ಮಾಡಿ ತೋರಿಸ್ರಿ ಅಂದ್ರು. ಕರೆಕ್ಷನ್‌ಗೆ ಕೊಟ್ಟಿದ್ದು ಒಂದು ತಿಂಗಳು, ಕಲ್ಲು ಒಡದು, ಪುಡಿ ಮಾಡಿ, ಕಳಿಸಿ, ರಿಪೋರ್ಟ್ ಬರಾಕ ಅದು ಸಾಲಂಗಿಲ್ಲ. ಇಂಥಾ ಕಡೆ "ಮುಂದಿನ ಸಂಶೋಧನೆಯಲ್ಲಿ ಮಾಡಲಾಗುವುದು" ಅಂತ ಬರದು ಜಾರ್ಕೊಳ್ಳೋರು ಭಾಳ ಮಂದಿ, ನಾನೂ ಹಂಗ ಬರದಿದ್ದೆ. ಆದ್ರ ತಪ್ಪು ಅಲ್ಲಿ ಅಲ್ಲ, ನನ್ನ ವಾಕ್ಯದಾಗ ಇತ್ತು. ಕಲ್ಲು ಪರೀಕ್ಷೆ ಮಾಡದ "ಗ್ರಾನೈಟ್ ಕಾರಣ" ಅಂದಿದ್ದೆ. ನನ್ನ ಹತ್ರ ಇದ್ದ ಸಾಕ್ಷಿ ನೀರಿಂದು: ಫ್ಲೋರೈಡ್ ಹೆಚ್ಚಿದ್ದ ಬೋರಿನಾಗ ಸೋಡಿಯಂ, ಬೈಕಾರ್ಬೊನೇಟ್ ಹೆಚ್ಚು, ಕ್ಯಾಲ್ಸಿಯಂ ಕಡಿಮಿ. ಕ್ಯಾಲ್ಸಿಯಂ ಜಾಸ್ತಿ ಇದ್ರ ಅದು ಫ್ಲೋರೈಡ್ ಜೋಡಿ ಕೂಡಿ ಫ್ಲೋರೈಟ್ ಆಗಿ ಕುಂದರ್ತೈತಿ, ನೀರಿನಾಗ ಫ್ಲೋರೈಡ್ ಏರಾಕ ಬಿಡಂಗಿಲ್ಲ. ಈ ಲಕ್ಷಣ ಗ್ರಾನೈಟ್ ಸವಕಳಿಗೆ ಹೊಂದತೈತಿ, ಆದ್ರ ಅದೊಂದ ಕಾರಣ ಅಂತ ತೋರಿಸಂಗಿಲ್ಲ. ಹಿಂಗಾಗಿ "ಕಾರಣ" ತಗದು "ಗ್ರಾನೈಟ್ ಮೂಲದೊಂದಿಗೆ ಹೊಂದಿಕೆಯಾಗುತ್ತದೆ" ಅಂತ ಮಾಡಿದೆ, ಕಲ್ಲಿನ ಅನಾಲಿಸಿಸ್ ಇಲ್ಲ ಅನ್ನೋದನ್ನ ಮಿತಿಗಳ ಭಾಗದಾಗ ಹಾಕಿದೆ, ಅಧ್ಯಾಯದ ತಲೆಬರಹದಾಗಿದ್ದ "ಮೂಲ" ಪದ "ಸಂಭಾವ್ಯ ಮೂಲ" ಆತು. ಉತ್ತರದಾಗ ಮೊದಲನೇ ವಾಕ್ಯನ "ಈ ಪರೀಕ್ಷೆ ಮಾಡಲಾಗಿಲ್ಲ" ಅಂತ ಇಟ್ಟೆ, ಆಮ್ಯಾಲ ಯಾಕ, ಅದರ ಬದಲಿ ಏನು ಮಾಡೇನಿ ಅಂತ.

ಪುಟದ ನಂಬರ್ ಎಲ್ಲಾದಕ್ಕಿಂತ ಕಡೀಕ ಹಾಕ್ರಿ. ನಾ ಮೊದಲ ಹಾಕಿದ್ದೆ, ಆಮ್ಯಾಲ ಮೂರನೇ ಅಧ್ಯಾಯದಾಗ ಒಂದು ಟೇಬಲ್ ಸೇರಿಸಿದ ಕೂಡಲೆ ಮುಂದಿನ ಎಲ್ಲಾ ನಂಬರ್ ಒಂದೂವರಿ ಪುಟ ಸರದ್ವು, ಕುಂತು ಮತ್ತ ಬರದೆ. ವರ್ಡ್‌ನಾಗ ವೈವಾಕ್ಕ ಕೊಟ್ಟ ಫೈಲ್, ಹೊಸ ಫೈಲ್ ಎರಡನ್ನೂ Review, Compare ಹಾಕಿ ನೋಡಿದ್ರ ಏನೇನು ಬದಲಾಗೇತಿ ಎಲ್ಲಾ ಕಾಣ್ತೈತಿ, ನಾ ಅದರಾಗ ಉತ್ತರಪಟ್ಟಿಯೊಳಗ ಇಲ್ಲದ ಮೂರು ಬದಲಾವಣೆ ಹಿಡದೆ, ಅವನ್ನ ಕೊನೀಗೆ "ಇತರೆ" ಅಂತ ಬರದೆ. ಹೇಳದ ಬದಲಿಸಿದ್ದು ಅವರ ಕಣ್ಣಿಗೆ ಬಿದ್ರ ಉಳದದ್ದರ ಮ್ಯಾಲೂ ಸಂಶಯ ಬರ್ತೈತಲ್ರಿ.

ಎಲ್ಲಾ ಆತು ಅಂತ ಪ್ರಿಂಟ್ ತಗೊಂಡು ಗೈಡ್ ಸರ್ ಮುಂದ ಇಟ್ಟೆ. ಅವರು ಇಂಗ್ಲಿಷ್ ಅಬ್‌ಸ್ಟ್ರ್ಯಾಕ್ಟ್ ಓದಿ ತಲಿ ಅಲ್ಲಾಡಿಸಿದ್ರು, ಆಮ್ಯಾಲ ಹಿಂದಿನ ಪುಟ ತಿರುವಿ ಕನ್ನಡ ಸಾರಾಂಶದ ಮ್ಯಾಲ ಬೆರಳಿಟ್ರು. ಅಲ್ಲಿ ಇನ್ನೂ "ಹಂಗಾಮಿನ ವ್ಯತ್ಯಾಸ ಕಂಡುಬರಲಿಲ್ಲ" ಅಂತಾನ ಇತ್ತು. ಕನ್ನಡದೊಳಗ ಬರದ ಆ ಒಂದು ಪುಟ ನನ್ನ ಪಟ್ಟಿಯಾಗ ಇರಲೇ ಇಲ್ಲ. ಅವತ್ತ ತಿದ್ದಿ, 4ಇ ಕೆಳಗ ಅದರ ಪುಟಾನೂ ಸೇರಿಸಿ, ಮರುದಿನ ಕಳಿಸಿದೆ.