ರಾತ್ರಿ ಸಂತೆಯ ಕತೆಯನ್ನು ನಾನು ಬರೆದ ಬಗೆ

ದಾರಿ ತಪ್ಪುವ ಕತೆ ಬರೆಯುವವರಿಗೆ ಈಗ ಮೊಬೈಲೇ ಮೊದಲ ಶತ್ರು. ಪಾತ್ರದ ಕೈಯಲ್ಲಿ ಅದು ಇರುವವರೆಗೂ ಓದುಗ ಕೇಳುವುದು ಒಂದೇ: ನಕ್ಷೆ ತೆರೆದು ನೋಡಬಾರದೇ? ಬ್ಯಾಟರಿ ಮುಗಿಯಿತು ಎಂದು ಬರೆದು ನುಣುಚಿಕೊಳ್ಳುವುದು ಸುಲಭ. ಆದರೆ ನನ್ನ ಕತೆಯ ಪ್ರವಾಸಿ ಮೊಬೈಲಿನಲ್ಲಿ ಬೋರ್ಡುಗಳ ಫೋಟೊ ತೆಗೆದುಕೊಂಡು, ಅವುಗಳ ಆಧಾರದಲ್ಲಿ ಹಿಂತಿರುಗಬೇಕಿತ್ತು. ಮೊಬೈಲು ಸತ್ತರೆ ಕತೆಯೂ ಸತ್ತಂತೆ. ಹಾಗಾಗಿ ಅದನ್ನು ಜೀವಂತವಾಗಿಟ್ಟೇ ಆಕೆಯನ್ನು ದಾರಿ ತಪ್ಪಿಸುವುದು ಹೇಗೆ ಎಂಬಲ್ಲಿಂದ ನನ್ನ ಕೆಲಸ ಶುರುವಾಯಿತು.

ನಕ್ಷೆಯ ಪ್ರಶ್ನೆಯನ್ನು ಎರಡು ವಾಕ್ಯಗಳಲ್ಲಿ ಮುಗಿಸಿದೆ. ಆಕೆಯ ಬಳಿ ಆ ದೇಶದ ಸಿಮ್ ಇಲ್ಲ. ತಾನು ಎಲ್ಲೆಲ್ಲಿ ನಿಂತೆ ಎಂಬುದನ್ನು ಮೊಬೈಲು ಬರೆದಿಟ್ಟುಕೊಳ್ಳುವುದು ಇಷ್ಟವಿಲ್ಲದೆ ಕ್ಯಾಮೆರಾಗೆ ಸ್ಥಳದ ಅನುಮತಿಯನ್ನೂ ಕೊಟ್ಟಿಲ್ಲ. ಕೊಟ್ಟಿದ್ದರೂ ತಗಡಿನ ಚಾವಣಿ ಹೊದ್ದ ಇಕ್ಕಟ್ಟಾದ ಓಣಿಯಲ್ಲಿ ಜಿಪಿಎಸ್ ಚುಕ್ಕೆ ಪಕ್ಕದ ಓಣಿಗೆ ಹಾರಿ ಕೂರುತ್ತದೆ. ಉಪಗ್ರಹದ ಸಂಕೇತ ಗೋಡೆಗಳಿಗೆ ಬಡಿದು ಸುತ್ತಿಕೊಂಡು ಬಂದರೆ ಹಾಗಾಗುವುದು ಮಾಮೂಲು. ಈ ಜಿಪಿಎಸ್ ವಿಷಯವನ್ನು ಕತೆಯಲ್ಲಿ ಹೇಳಲಿಲ್ಲ. ತಿಳಿದಿರುವುದನ್ನೆಲ್ಲ ಹೇಳುತ್ತ ಹೋದರೆ ಪಾತ್ರದ ಬದಲು ಬರೆದವನೇ ಸಂತೆಯಲ್ಲಿ ಅಡ್ಡಾಡುತ್ತಿರುತ್ತಾನೆ.

ಊರಿಗೆ ಹೆಸರಿಡಲಿಲ್ಲ. ಆಕೆಗೆ ಅಲ್ಲಿನ ಲಿಪಿ ಬಾರದು, ಅಷ್ಟು ಸಾಕಿತ್ತು. ಓದಲು ಬಾರದ ಬೋರ್ಡು ಹೆಸರಾಗಿ ಕಾಣುವುದಿಲ್ಲ, ಬರೀ ಆಕಾರವಾಗಿ ಕಾಣುತ್ತದೆ. ಆಕೆ ಫೋಟೊ ತೆಗೆಯುವುದೇ ಅದಕ್ಕಾಗಿ: ಹೆಸರನ್ನು ಬಾಯಿಪಾಠ ಮಾಡಿಕೊಳ್ಳುವಂತಿಲ್ಲ, ಯಾರಲ್ಲಾದರೂ ಕೇಳುವಂತೆಯೂ ಇಲ್ಲ.

ಕತೆಗೆ ಕೈ ಹಾಕುವ ಮೊದಲು ಹಾಳೆಯ ಮೇಲೆ ನಾಲ್ಕು ಫೋಟೊಗಳ ಪಟ್ಟಿ ಮಾಡಿದೆ. ಇಡೀ ಕತೆ ಈ ಪಟ್ಟಿಯ ಮೇಲೆ ನಿಂತಿದೆ. 8.12ಕ್ಕೆ ಸಂತೆಯ ಬಾಯಲ್ಲಿ ಹಲ್ಲಿನ ಚಿತ್ರವಿರುವ ಬೋರ್ಡು, ಮೇಲಿನ ಮಹಡಿಯಿಂದ ರಸ್ತೆಯ ಮೇಲಕ್ಕೆ ಚಾಚಿಕೊಂಡದ್ದು. 8.20ಕ್ಕೆ ಒಂದು ಅಂಗಡಿಯ ನೆತ್ತಿಯಲ್ಲಿ ಕೆಂಪು ಅಕ್ಷರಗಳು ಓಡುವ ಎಲ್ಇಡಿ ಪಟ್ಟಿ, ಅಲ್ಲಿ ಎಡಕ್ಕೆ ತಿರುವು. 8.37ಕ್ಕೆ ತಳ್ಳುಗಾಡಿಗೆ ಕಟ್ಟಿದ, ಕತ್ತರಿಯ ಚಿತ್ರವಿರುವ ಬಟ್ಟೆಯ ಬ್ಯಾನರು, ಅಲ್ಲಿ ಬಲಕ್ಕೆ. 8.41ಕ್ಕೆ ಯಾವುದೋ ತಂಪು ಪಾನೀಯ ಕಂಪನಿಯ ಬೋರ್ಡು.

ನಾಲ್ಕೂ ಬೇರೆ ಬೇರೆ ರೀತಿಯಲ್ಲಿ ಕೈಕೊಡಬೇಕು, ಇಲ್ಲವೇ ಕೈಹಿಡಿಯಬೇಕು. ಹಾಗೆಂದೇ ಅವುಗಳನ್ನು ಆರಿಸಿದ್ದು. ಕಂಪನಿಯ ಬೋರ್ಡು ಮೊದಲು ಬಿದ್ದುಹೋಗುತ್ತದೆ, ಏಕೆಂದರೆ ಅಂಥವನ್ನು ಕಂಪನಿಗಳೇ ಮಾಡಿಸಿ ಅಂಗಡಿ ಅಂಗಡಿಗೂ ಕೊಟ್ಟಿರುತ್ತವೆ. ಯಾವ ಓಣಿಗೆ ಹೊಕ್ಕರೂ ಅದೇ ಬಣ್ಣ, ಅದೇ ಅಕ್ಷರ. ಇದನ್ನು ಕತೆಯಲ್ಲಿ ನಾಲ್ಕು ಸಾಲಿನಲ್ಲಿ ದಾಟಿಬಿಟ್ಟೆ.

ಎಲ್ಇಡಿ ಪಟ್ಟಿಗೆ ಮಾತ್ರ ಹೆಚ್ಚು ಜಾಗ ಕೊಟ್ಟೆ. ಓಡುವ ಅಕ್ಷರಗಳ ಬೋರ್ಡಿನಲ್ಲಿ ಎಲ್ಲ ದೀಪಗಳೂ ಒಟ್ಟಿಗೆ ಉರಿಯುವುದಿಲ್ಲ. ಸಾಲು ಸಾಲಾಗಿ, ಅತಿ ವೇಗವಾಗಿ ಉರಿದು ಆರುತ್ತಿರುತ್ತವೆ. ಕಣ್ಣಿಗೆ ಆ ವೇಗ ನಿಲುಕದೆ ಅಕ್ಷರ ಇಡಿಯಾಗಿ ಕಾಣುತ್ತದೆ. ಕ್ಯಾಮೆರಾ ಹಾಗಲ್ಲ. ಬೆಳಗುವ ಬೋರ್ಡಿನ ಮೇಲೆ ಬೆರಳಿಟ್ಟು ಫೋಕಸ್ ಮಾಡಿದರೆ ಅದು ಬೆಳಕಿಗೆ ತಕ್ಕಂತೆ ಶಟರನ್ನು ಬೇಗ ಮುಚ್ಚುತ್ತದೆ. ಆ ಕ್ಷಣದಲ್ಲಿ ಉರಿಯುತ್ತಿದ್ದ ಸಾಲುಗಳಷ್ಟೇ ಚಿತ್ರಕ್ಕೆ ಬರುತ್ತವೆ. ಜೊತೆಗೆ ಬೋರ್ಡಿನ ಸುತ್ತಲಿನ ಅಂಗಡಿ, ಬಾಗಿಲು, ಕಂಬ ಎಲ್ಲವೂ ಕಪ್ಪಾಗಿ ಮುಳುಗುತ್ತವೆ. ಕತೆಯಲ್ಲಿ ಅದು ಹೀಗೆ ಬಂದಿದೆ:

‘ಫೋಟೊದಲ್ಲಿ ಇದ್ದದ್ದು ಕತ್ತಲಲ್ಲಿ ತೇಲುವ ಮೂರು ಕೆಂಪು ಗೆರೆ. ಎದುರಿಗೆ ಇದ್ದದ್ದು ಎಡದಿಂದ ಬಲಕ್ಕೆ ನುಗ್ಗುತ್ತಿದ್ದ ತುಂಬು ಅಕ್ಷರಗಳ ಸಾಲು. ಅವಳು ಮೊಬೈಲನ್ನು ಬೋರ್ಡಿನ ಪಕ್ಕಕ್ಕೆ ಹಿಡಿದು ನೋಡಿದಳು. ಇದಲ್ಲ ಎಂದುಕೊಂಡು ಮುಂದೆ ನಡೆದಳು.’

ಅದೇ ಬೋರ್ಡು ಅದು. ಓದುಗನಿಗೆ ಗೊತ್ತು, ಆಕೆಗೆ ಗೊತ್ತಿಲ್ಲ. ಈ ವಿವರ ಸಿಗುವವರೆಗೆ ಕತೆಯಲ್ಲಿ ಆತಂಕವನ್ನು ಮಾತಿನಿಂದ ಕಟ್ಟಬೇಕಾಗಿತ್ತು. ಸಿಕ್ಕ ಮೇಲೆ ಎದೆ ಢವಢವ, ಬೆವರು ಇತ್ಯಾದಿಗಳನ್ನೆಲ್ಲ ಹೊಡೆದು ಹಾಕಿದೆ.

ಆದರೆ ಆಕೆ ಅಲ್ಲಿಗೆ ತಲುಪಬೇಕಾದರೆ ಮೊದಲು ಕತ್ತರಿಯ ತಿರುವನ್ನು ದಾಟಬೇಕಲ್ಲ. ನನಗೆ ಹೆಚ್ಚು ಕಾಲ ಹಿಡಿದದ್ದು ಅಲ್ಲಿಯೇ. ಹಿಂತಿರುಗುವ ಹೊತ್ತಿಗೆ ಗಂಟೆ ಹತ್ತೂವರೆ ದಾಟಿದೆ. ತಳ್ಳುಗಾಡಿಗೆ ಚಕ್ರವಿದೆ, ಅದು ಮನೆಗೆ ಹೋಗಿದೆ. ಬ್ಯಾನರಿನ ಫೋಟೊ ಇದೆ, ಬ್ಯಾನರು ಇಲ್ಲ. ಹಾಗಾದರೆ ತಿರುವು ಎಲ್ಲಿ?

ಇಲ್ಲಿ ಆಕೆಗೆ ಒಂದು ಬುದ್ಧಿವಂತಿಕೆ ಕೊಟ್ಟೆ. ಪ್ರತಿ ಫೋಟೊದ ಜೊತೆ ಸಮಯವಿದೆ. ಕತ್ತರಿಗೂ ಪಾನೀಯದ ಬೋರ್ಡಿಗೂ ನಡುವೆ ನಾಲ್ಕು ನಿಮಿಷ. ಕೆಂಪು ಅಕ್ಷರಕ್ಕೂ ಕತ್ತರಿಗೂ ನಡುವೆ ಹದಿನೇಳು ನಿಮಿಷ. ಅಷ್ಟೇ ಹೊತ್ತು ಹಿಂದಕ್ಕೆ ನಡೆದರೆ ತಿರುವು ಸಿಗಬೇಕು. ಕೇಳಲು ತುಂಬ ಸರಿಯಾಗಿದೆ, ಆದ್ದರಿಂದಲೇ ಆಕೆ ನಂಬುತ್ತಾಳೆ. ಮರೆತದ್ದು ಏನೆಂದರೆ, ಹೋಗುವಾಗ ಜನರ ಬೆನ್ನಿಗೆ ಅಂಟಿಕೊಂಡು ತೆವಳಿದ್ದಳು. ಈಗ ಓಣಿ ಅರ್ಧ ಖಾಲಿ.

ಲೆಕ್ಕ ಹಾಕಿ ನೋಡಿದೆ. ಹದಿನೇಳು ನಿಮಿಷದಲ್ಲಿ ಐದು ನಿಮಿಷ ಆಕೆ ತಗಡಿನ ಮೇಲೆ ಹೆಸರು ಕೊರೆಯುವವನನ್ನು ನೋಡುತ್ತ ನಿಂತಿದ್ದಳು. ಉಳಿದ ಹನ್ನೆರಡು ನಿಮಿಷ ನೂಕುನುಗ್ಗಲಿನಲ್ಲಿ ಗಂಟೆಗೆ ಒಂದೂವರೆ ಕಿಲೋಮೀಟರ್ ವೇಗ ಎಂದಿಟ್ಟುಕೊಂಡರೆ ಮುನ್ನೂರು ಮೀಟರ್. ಖಾಲಿ ರಸ್ತೆಯಲ್ಲಿ ಸಾಮಾನ್ಯರು ಗಂಟೆಗೆ ಸುಮಾರು ಐದು ಕಿಲೋಮೀಟರ್ ನಡೆಯುತ್ತಾರೆ. ಆ ವೇಗದಲ್ಲಿ ಮುನ್ನೂರು ಮೀಟರಿಗೆ ನಾಲ್ಕು ನಿಮಿಷವೂ ಬೇಡ. ಹದಿನೇಳು ನಿಮಿಷ ನಡೆದವಳು ಒಂದು ಕಿಲೋಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತಾಳೆ. ಹೆದರಿದವರು ಇನ್ನೂ ಬೇಗ ನಡೆಯುತ್ತಾರೆ, ಅದು ಬೇರೆ.

ಆದರೆ ಒಂದು ಕಿಲೋಮೀಟರು ಆಚೆಗೆ ಕಳಿಸಿದರೆ ಸಂತೆಯೇ ಮುಗಿದು ಬೇರೆ ಬಡಾವಣೆ ಬರುತ್ತದೆ. ನನಗೆ ಅದು ಬೇಡವಾಗಿತ್ತು. ಆದ್ದರಿಂದ ಮೊದಲ ತುಂಡಿನಲ್ಲಿಯೇ, ಅಂದರೆ ಪಾನೀಯದ ಬೋರ್ಡಿನಿಂದ ಕತ್ತರಿಗೆ ಬರುವ ನಾಲ್ಕು ನಿಮಿಷದಲ್ಲಿಯೇ, ಲೆಕ್ಕ ತಪ್ಪುತ್ತಿದೆ ಎಂಬ ಸುಳಿವು ಸಿಗುವಂತೆ ಮಾಡಿದೆ. ಎರಡನೆಯ ನಿಮಿಷಕ್ಕೇ ಆಕೆ ಹಿಂದೆಂದೂ ನೋಡದ ಮೆಟ್ಟಿಲುಗಳ ಬುಡದಲ್ಲಿದ್ದಾಳೆ. ನಿಂತು, ಕತ್ತರಿಯ ಫೋಟೊವನ್ನು ಬೆರಳಿನಿಂದ ಹಿಗ್ಗಿಸುತ್ತಾಳೆ. ಬ್ಯಾನರಿನ ಮೇಲುಗಡೆ, ಚಿತ್ರದ ಅಂಚಿನಲ್ಲಿ, ಒಂದು ಕಿಟಕಿ. ಅದರ ಒಂದು ಗಾಜಿನ ಜಾಗದಲ್ಲಿ ರಟ್ಟು ಅಂಟಿಸಿದೆ. ಗಾಡಿ ಹೋಗುತ್ತದೆ, ಕಿಟಕಿ ಹೋಗುವುದಿಲ್ಲ. ಆಕೆ ಹಿಂದಕ್ಕೆ ಬಂದು ರಟ್ಟಿನ ಕಿಟಕಿ ಹುಡುಕುತ್ತಾಳೆ. ಬೋರ್ಡುಗಳನ್ನು ಬಿಟ್ಟು ಬೋರ್ಡುಗಳ ಹಿಂದಿನ ಗೋಡೆಯನ್ನು ನೋಡಲು ಶುರುಮಾಡುವುದು ಇಲ್ಲಿಂದ.

ಇನ್ನೊಂದು ತೊಡಕು ದಿಕ್ಕಿನದು. ಹೋಗುವಾಗ ಕತ್ತರಿಯಲ್ಲಿ ಬಲಕ್ಕೆ ತಿರುಗಿದ್ದರೆ ಬರುವಾಗ ಎಡಕ್ಕೆ. ಇಷ್ಟು ಯಾರಿಗಾದರೂ ಹೊಳೆಯುತ್ತದೆ. ಹೊಳೆಯದಿರುವುದು, ಫೋಟೊ ಒಂದೇ ಕಡೆಯಿಂದ ತೆಗೆದದ್ದು ಎಂಬುದು. ಮುಂದೆ ನಡೆಯುತ್ತ ತೆಗೆದ ಚಿತ್ರದಲ್ಲಿರುವ ಓಣಿಯನ್ನು ಆಕೆ ಬರುವಾಗ ಬೆನ್ನ ಕಡೆಯಿಂದ ನೋಡುತ್ತಾಳೆ. ಗೋಡೆಗೆ ಅಂಟಿಸಿದ ಬೋರ್ಡುಗಳು ಆ ಕೋನದಿಂದ ಬರೀ ಅಂಚಾಗಿ ಕಾಣುತ್ತವೆ. ಹಲ್ಲಿನ ಬೋರ್ಡು ರಸ್ತೆಗೆ ಅಡ್ಡವಾಗಿ ಚಾಚಿಕೊಂಡಿದೆ, ಎರಡೂ ಮಗ್ಗುಲಲ್ಲಿ ಒಂದೇ ಹಲ್ಲು. ಕೊನೆಗೆ ಉಪಯೋಗಕ್ಕೆ ಬರಬೇಕಾದ್ದು ಅದೇ ಎಂದು ಅದನ್ನು ಹಾಗೆ ನೇತುಹಾಕಿದ್ದೆ. ನಿಜವಾಗಿ ದಾರಿ ಗುರುತಿಟ್ಟುಕೊಳ್ಳುವವರು ತಿರುವು ದಾಟಿದ ಮೇಲೆ ಹಿಂದಿರುಗಿ ನಿಂತು ಇನ್ನೊಂದು ಫೋಟೊ ತೆಗೆಯಬೇಕು. ಬರುವಾಗ ಕಾಣುವುದು ಆ ನೋಟವೇ. ರಟ್ಟಿನ ಕಿಟಕಿಯ ಮೂಲೆ ದಾಟಿದ ಮೇಲೆ ಆಕೆಯೂ ಹಾಗೆಯೇ ಮಾಡುತ್ತಾಳೆ, ಇನ್ನೊಮ್ಮೆ ತಪ್ಪಿದರೆ ಇಲ್ಲಿಗಾದರೂ ಮರಳಬಹುದೆಂದು.

ಇಷ್ಟಾದ ಮೇಲೆ ಕೆಂಪು ಅಕ್ಷರದ ಬೋರ್ಡನ್ನು ಗುರುತಿಸದೆ ದಾಟಿ ಹೋಗುವ ದೃಶ್ಯ. ಆಮೇಲೆ ಆಕೆಗೆ ಒಬ್ಬ ಮನುಷ್ಯ ಬೇಕಾದ. ಬರೀ ಮೊಬೈಲು ನೋಡಿಕೊಂಡೇ ಆಕೆ ತಲುಪಿದ್ದರೆ ಅದು ಒಗಟು ಬಿಡಿಸಿದಂತಾಗುತ್ತಿತ್ತು, ಕತೆಯಾಗುತ್ತಿರಲಿಲ್ಲ. ಅಂಗಡಿ ಮುಚ್ಚುತ್ತಿದ್ದ ಬೀಗದ ಕೈ ಮಾಡುವವನ ಮುಂದೆ ಮೊಬೈಲು ಹಿಡಿಯುತ್ತಾಳೆ. ಮೊದಲು ಕೆಂಪು ಗೆರೆಗಳ ಚಿತ್ರ. ಆತ ತಲೆ ಅಲ್ಲಾಡಿಸುತ್ತಾನೆ. ನಂತರ ಹಲ್ಲಿನ ಚಿತ್ರ. ಅದಕ್ಕೂ ಇಲ್ಲ. ಮೊದಲು ನನಗೂ ಇದು ವಿಚಿತ್ರವೆನಿಸಿತ್ತು: ದಿನವೂ ಅಲ್ಲೇ ಕೂರುವವನಿಗೆ ಆ ಬೋರ್ಡು ಗೊತ್ತಿಲ್ಲವೇ? ಯೋಚಿಸಿದರೆ ಸಹಜವೇ. ದಿನವೂ ನಡೆಯುವ ದಾರಿಯಲ್ಲಿ ಯಾರು ಬೋರ್ಡು ನೋಡುತ್ತಾರೆ? ಅದನ್ನು ನೋಡುವವರು ಹೊಸಬರು ಮಾತ್ರ. ಆತ ಕೆಲಸದ ಭೂತಗನ್ನಡಿಯನ್ನು ಹಣೆಗೇರಿಸಿ ಹಲ್ಲಿನ ಚಿತ್ರವನ್ನು ಹಿಗ್ಗಿಸುತ್ತಾನೆ. ಬೋರ್ಡಿನ ಕೆಳಗೆ ಚಿತ್ರದ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತ ಮುದುಕನನ್ನು ಕಂಡು ನಗುತ್ತಾನೆ. ಆ ಮುದುಕ ಯಾರೆಂದು ಅವನಿಗೆ ಗೊತ್ತು. ಶಟರು ಎಳೆದು ಬೀಗ ಹಾಕಿ, ಬಾ ಎಂಬಂತೆ ಕೈಬೀಸಿ ಹೊರಡುತ್ತಾನೆ. ಆಕೆ ದಾಟಿ ಬಂದಿದ್ದ ಆ ಕೆಂಪು ಅಕ್ಷರಗಳ ಕೆಳಗೇ ಅವನು ತಿರುಗುತ್ತಾನೆ.

ಹೋಟೆಲಿನ ಕೋಣೆಯವರೆಗೆ ಆಕೆಯನ್ನು ಕರೆದುಕೊಂಡು ಹೋಗಲಿಲ್ಲ. ಹಲ್ಲಿನ ಬೋರ್ಡಿನ ದೀಪ ಆರಿದ್ದರೂ ಆಕಾರ ತಿಳಿಯುತ್ತದೆ, ಅಲ್ಲಿಗೆ ಕತೆ ನಿಲ್ಲುತ್ತದೆ. ಕತೆಯನ್ನು ಮೊದಲು ಓದಿದ ಗೆಳೆಯ ಎಲ್ಇಡಿ ಬೋರ್ಡಿನ ಭಾಗವನ್ನು ಪೂರ್ತಿ ತೆಗೆಯಲು ಹೇಳಿದ, ಅಷ್ಟು ತಾಂತ್ರಿಕತೆ ಏಕೆ ಎಂದ. ಆ ಭಾಗ ತೆಗೆದರೆ ಆಕೆ ಸರಿಯಾದ ಬೋರ್ಡನ್ನೇಕೆ ಬಿಟ್ಟು ನಡೆದಳು ಎಂಬುದಕ್ಕೆ ಕಾರಣವೇ ಉಳಿಯುತ್ತಿರಲಿಲ್ಲ. ಉಳಿಸಿಕೊಂಡೆ. ಬದಲಿಗೆ ಸಂತೆಯ ಬಣ್ಣ, ಗದ್ದಲ, ವಾಸನೆಗಳ ಮೇಲೆ ಬರೆದಿದ್ದ ಒಂದೂವರೆ ಪುಟವನ್ನು ತೆಗೆದೆ. ಅದು ಇಲ್ಲದಿರುವುದು ಅವನ ಗಮನಕ್ಕೇ ಬರಲಿಲ್ಲ.