ಸಬ್ಜೆಕ್ಟ್ ಲೈನ್ ಬದಲಿಸಿದೆ, ನಿಂತ ಬಿಲ್ ಬಂತು

ಪೀಣ್ಯದಲ್ಲಿ ನಮ್ಮದು ಸಣ್ಣ ಮೆಷಿನಿಂಗ್ ಯೂನಿಟ್. ಬಾಕಿ ವಸೂಲಿ ನನ್ನ ಕೆಲಸ, ಅದಕ್ಕೆ ಗ್ರಾಹಕ ಕಂಪನಿಯ ಹಣಕಾಸು ಮುಖ್ಯಸ್ಥರಿಗೆ, ಅಂದರೆ ಸಿಎಫ್‌ಒಗೆ, ಮೇಲ್ ಹಾಕುತ್ತೇನೆ. "ಅಷ್ಟು ದೊಡ್ಡ ಕಂಪನಿ ಸಿಎಫ್‌ಒ ನಿಮ್ಮ ಮೇಲ್ ನೋಡ್ತಾರಾ? ಹೋಗಿ ಗೇಟ್ ಹತ್ರ ಕೂತ್ಕೊಳ್ಳಿ" ಎನ್ನುತ್ತಿದ್ದರು ನಮ್ಮ ಪಾರ್ಟ್ನರ್. ಈಗ ಅವರೇ ಮೇಲ್ ಕಳಿಸುವ ಮೊದಲು ಸಬ್ಜೆಕ್ಟ್ ನನಗೆ ತೋರಿಸುತ್ತಾರೆ.

ಒಬ್ಬ ಗ್ರಾಹಕರಲ್ಲಿ ಸುಮಾರು 4.2 ಲಕ್ಷದ ಬಿಲ್ ತಿಂಗಳುಗಟ್ಟಲೆ ನಿಂತಿತ್ತು. ನಮ್ಮ ಬ್ಯಾಂಕ್ ಓವರ್‌ಡ್ರಾಫ್ಟ್ ಬಡ್ಡಿ ವರ್ಷಕ್ಕೆ 11 ಪರ್ಸೆಂಟ್ ಹತ್ತಿರ. ತಿಂಗಳಿಗೆ ನಾಲ್ಕು ಸಾವಿರದಷ್ಟು ಸುಮ್ನೆ ಹೋಗುತ್ತಿತ್ತು. "Payment Reminder" ಆಯಿತು, "Gentle Reminder" ಆಯಿತು, "URGENT" ಕೂಡ ಆಯಿತು. ಯಾವುದಕ್ಕೂ ಕೆಲಸ ಆಗಲಿಲ್ಲ. ಅಂಥ ಮೇಲ್ ತೆರೆದರೂ ಸಿಎಫ್‌ಒ ಮಾಡುವುದೇನು? ಅಕೌಂಟ್ಸ್‌ಗೆ ಫಾರ್ವರ್ಡ್ ಮಾಡುತ್ತಾರೆ. ಅಲ್ಲಿಂದ ಅದೇ ಹಳೇ ಉತ್ತರ, "ಪ್ರೊಸೆಸ್‌ನಲ್ಲಿದೆ".

ಹಾಗಾಗಿ ಮೊದಲು ಸ್ಟೋರ್ಸ್‌ಗೂ ಅಕೌಂಟ್ಸ್‌ಗೂ ಫೋನ್ ಮಾಡಿದೆ. ಮಾಲು ತಲುಪಿದ್ದಕ್ಕೆ ಹಾಕುವ ಜಿಆರ್‌ಎನ್ ಆಗಿತ್ತು. ಸಿಕ್ಕಿಹಾಕಿಕೊಂಡಿದ್ದು ರೇಟ್‌ನಲ್ಲಿ. ಪರ್ಚೇಸ್‌ನವರು ಒಪ್ಪಿದ ಹೊಸ ರೇಟ್ ಅವರ ಪರ್ಚೇಸ್ ಆರ್ಡರ್‌ನಲ್ಲಿ, ಅಂದರೆ ಪಿಒದಲ್ಲಿ, ಏರಿರಲಿಲ್ಲ. ವ್ಯತ್ಯಾಸ ಬರೀ 18,000 ಚಿಲ್ಲರೆ. ಅದರಿಂದ ಇಡೀ ಬಿಲ್ ಮ್ಯಾಚ್ ಆಗುತ್ತಿರಲಿಲ್ಲ. ಪಿಒ ತಿದ್ದಲು ಸಿಎಫ್‌ಒ ಒಪ್ಪಿಗೆ ಬೇಕಿತ್ತು. ಅಂದಮೇಲೆ ಅವರನ್ನು ಕೇಳಬೇಕಾದದ್ದು 4.2 ಲಕ್ಷ ಅಲ್ಲ, ಆ 18,000, ಅಲ್ವಾ? ಸಬ್ಜೆಕ್ಟ್ ಹೀಗೆ ಬರೆದೆ:

```
Approve Rs 18,000 PO change by Thu? Releases Rs 4.2 L bill
```

ಫೋನ್‌ನಲ್ಲಿ ಸುಮಾರು 35–40 ಅಕ್ಷರ ಕಂಡರೆ ಹೆಚ್ಚು. ಅದಕ್ಕೇ ಮಾಡಬೇಕಾದ ಕೆಲಸ, ಮೊತ್ತ, ಗಡುವು ಪ್ರಶ್ನೆ ಚಿಹ್ನೆಯೊಳಗೇ ಮುಗಿಯುತ್ತವೆ. ಹಳೇ ಮೇಲ್‌ಗೆ ರಿಪ್ಲೈ ಮಾಡಲಿಲ್ಲ, "Re: Fwd: Re:" ಮುಂದಿನ ಜಾಗವನ್ನೆಲ್ಲ ತಿನ್ನುತ್ತದೆ. ಗುರುವಾರ ಯಾಕೆಂದರೆ ಅವರು ಬಿಲ್‌ಗಳಿಗೆ ಒಟ್ಟಿಗೆ ದುಡ್ಡು ಬಿಡುವ ಪೇಮೆಂಟ್ ರನ್ ಶುಕ್ರವಾರ. ಸುಳ್ಳು ಗಡುವು ಹಾಕಿದರೆ ಅವರಿಗೆ ಗೊತ್ತಾಗುತ್ತದೆ. ಒಳಗೆ ಮೂರೇ ಸಾಲು, ಜೊತೆಗೆ ಪರ್ಚೇಸ್‌ನವರು ರೇಟ್ ಒಪ್ಪಿದ ಮೇಲ್. ಮರುದಿನ "Ok, pls process" ಬಂತು, ಅಕೌಂಟ್ಸ್ ಸಿಸಿಯಲ್ಲಿತ್ತು. ಅದೇ ಶುಕ್ರವಾರದ ರನ್‌ನಲ್ಲಿ ದುಡ್ಡು ಬಂತು. ಕಳಿಸುವ ಹೊತ್ತಿನದೂ ಒಂದು ಲೆಕ್ಕ ಇದೆ, ಅದು ನನ್ನ ಹತ್ತಿರವೇ ಇರಲಿ.

ಬೇರೆ ಕಡೆ ದೊಡ್ಡ ಮೊತ್ತವನ್ನೇ ಮುಂದೆ ಹಾಕಿ ನೋಡಿದೆ. ನೇರ ಅಕೌಂಟ್ಸ್‌ಗೆ ಫಾರ್ವರ್ಡ್ ಆಯಿತು. 2024ರ ಮಾರ್ಚ್‌ನಲ್ಲಿ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 43B(h) ಬಳಸಿದ್ದು ಮಾತ್ರ ಜೋರಾಗಿ ಕೆಲಸ ಮಾಡಿತು. ನಮ್ಮಂಥ ಸಣ್ಣ ಘಟಕಕ್ಕೆ ಕಾನೂನಿನ ಗಡುವು ಮೀರಿದ ಬಾಕಿ ಮಾರ್ಚ್ 31ಕ್ಕೂ ಉಳಿದರೆ ಕೊಡಬೇಕಾದ ಕಂಪನಿ ಆ ವರ್ಷ ಆ ಖರ್ಚನ್ನು ತೆರಿಗೆ ಲೆಕ್ಕದಲ್ಲಿ ಕಳೆಯುವಂತಿಲ್ಲ. ಇದು ಸಿಎಫ್‌ಒ ತಲೆನೋವೇ. ಆದರೆ ನಾವು ಸಣ್ಣ ಘಟಕ ಎಂದು ತೋರಿಸುವ ಉದ್ಯಮ್ ನೋಂದಣಿ ಲಗತ್ತಿಸದೆ ಬರೆಯಬೇಡಿ. ಬರೀ ಟ್ರೇಡಿಂಗ್ ಮಾಡುವವರಿಗೆ ಇದು ಅನ್ವಯಿಸುವುದಿಲ್ಲ.

ಅವರ ಹತ್ತಿರವೇ ದುಡ್ಡಿಲ್ಲದಿದ್ದರೆ ಯಾವ ಸಬ್ಜೆಕ್ಟೂ ನಡೆಯಲ್ಲ. ಉತ್ತರ ಬೇಗ ಬರುತ್ತದೆ, ತಾರೀಕು ಮಾತ್ರ ಇರುವುದಿಲ್ಲ. ಎರಡು ಸಲ ಹಾಗಾದರೆ ನಾನು ಮುಂದಿನ ಲೋಡ್ ನಿಲ್ಲಿಸುತ್ತೇನೆ.